ಒಂದು ಕರೆಗೆ ಒಂದೇ ಮಾನದಂಡ: ನನ್ನ ಅನುಭವ

ಸರ್ಕಾರಿ ಯೋಜನೆಗಳ ಕನ್ನಡ ಸುತ್ತೋಲೆಗಳನ್ನು ಭಾಷಾ ಮಾದರಿಯೊಂದರಿಂದ ಸಂಕ್ಷೇಪಿಸಿ, ಆ ಸಾರಾಂಶಗಳನ್ನು ಇನ್ನೊಂದು ಮಾದರಿಯಿಂದ ಪರಿಶೀಲಿಸುವ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಸರಳತೆ, ಪೂರ್ಣತೆ, ಮೂಲನಿಷ್ಠೆ, ಉದ್ದ ಎಂಬ ನಾಲ್ಕು ಮಾನದಂಡಗಳನ್ನು ಆರಂಭದಲ್ಲಿ ಒಂದೇ ಪ್ರಾಂಪ್ಟ್‌ನಲ್ಲಿ ಕೊಟ್ಟು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೇಳುತ್ತಿದ್ದೆ. ಬಂದ ಅಂಕಗಳು ಬಹುಪಾಲು ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಬೇರೆ ಬೇರೆ ಗುಣಗಳನ್ನು ಅಳೆಯುವ ಅಂಕಗಳು ಹೀಗೆ ಜೊತೆಯಾಗಿ ನಡೆಯುವುದು ಅನುಮಾನಕ್ಕೆ ಎಡೆಮಾಡಬೇಕಾದ ಲಕ್ಷಣ.

ಒಂದು ಸಾರಾಂಶವನ್ನೇ ನೋಡಿ. ಅರ್ಜಿ ಸಲ್ಲಿಸಲು ಜೂನ್ 30 ಕೊನೆಯ ದಿನವೆಂದು ಸುತ್ತೋಲೆಯಲ್ಲಿದ್ದರೆ, ಸಾರಾಂಶದಲ್ಲಿ ಅದು ಜುಲೈ 30 ಆಗಿತ್ತು. ಭಾಷೆ ಮಾತ್ರ ತಿಳಿಯಾಗಿತ್ತು. ಮಾದರಿಯು ಸರಳತೆಗೆ 5, ಪೂರ್ಣತೆಗೆ 5 ಎಂದು ಬರೆದು, ಮೂಲನಿಷ್ಠೆಗೂ 5 ಕೊಟ್ಟಿತು. ಬೇರೇನನ್ನೂ ಬದಲಿಸದೆ ಮೂಲನಿಷ್ಠೆಯನ್ನು ಪಟ್ಟಿಯ ಮೊದಲಿಗೆ ತಂದಾಗ ಅದರ ಅಂಕ ಇಳಿಯಿತು. ಸಾರಾಂಶ ಅದೇ ಆಗಿರುವಾಗ ಕೇಳುವ ಕ್ರಮದಿಂದ ಅಂಕ ಬದಲಾಗುತ್ತದೆ ಎಂದರೆ, ಆ ಅಂಕ ಸಾರಾಂಶವೊಂದನ್ನೇ ಅಳೆಯುತ್ತಿಲ್ಲ.

ಮಾದರಿಯು ಮುಂದಿನ ಪದವನ್ನು ಆರಿಸುವಾಗ, ತಾನು ಈಗಷ್ಟೇ ಬರೆದ ಅಂಕಗಳೂ ಅದರ ಕಣ್ಣಮುಂದೆ ಇರುತ್ತವೆ; ಹಾಗಾಗಿ ಮೊದಲ ಅಂಕ ಉಳಿದವನ್ನು ತನ್ನತ್ತ ಎಳೆಯುತ್ತದೆ. ಒಂದು ಗುಣದ ಬಗೆಗಿನ ಒಳ್ಳೆಯ ಅಭಿಪ್ರಾಯ ಇತರ ಗುಣಗಳ ಅಂಕಕ್ಕೂ ಹರಡುವುದನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಮನುಷ್ಯರು ಕೊಟ್ಟ ಅಂಕಗಳಲ್ಲಿ ಗುರುತಿಸಿದ್ದರು.

ಆದ್ದರಿಂದ ಮೂಲನಿಷ್ಠೆಗೆ ಪ್ರತ್ಯೇಕ ಕರೆಯನ್ನೇ, ಅಂದರೆ ಮಾದರಿಗೆ ಬೇರೆಯಾಗಿ ಕಳಿಸುವ ಒಂದು ಕೋರಿಕೆಯನ್ನೇ ಮೀಸಲಿಟ್ಟೆ. ಸಾರಾಂಶದಲ್ಲಿರುವ ಪ್ರತಿ ದಿನಾಂಕ, ಮೊತ್ತ ಮತ್ತು ಅರ್ಹತೆಯ ಷರತ್ತನ್ನು ಬರೆದು, ಅದರ ಎದುರಿಗೆ ಸುತ್ತೋಲೆಯ ಆಧಾರ ವಾಕ್ಯವನ್ನು ಇಟ್ಟು, ಆಧಾರ ಸಿಗದಿದ್ದರೆ ‘ಇಲ್ಲ’ ಎಂದು ನಮೂದಿಸಿ, ಕೊನೆಯಲ್ಲಿ ‘ಸರಿ’ ಅಥವಾ ‘ತಪ್ಪು’ ಎಂದು ಮಾತ್ರ ಹೇಳಬೇಕೆಂದು ಸೂಚಿಸಿದೆ. ಜುಲೈ 30ರ ಎದುರಿಗೆ ಜೂನ್ 30ರ ವಾಕ್ಯ ಬಂದು ಕುಳಿತಾಗ ತಪ್ಪು ತಾನಾಗಿ ಬಯಲಾಯಿತು. ನಾಲ್ಕು ಮಾನದಂಡಗಳ ಪ್ರಾಂಪ್ಟ್‌ನಲ್ಲಿ ಇಷ್ಟು ವಿವರವಾದ ಹೋಲಿಕೆಗೆ ಜಾಗವೇ ಇರುವುದಿಲ್ಲ. ಸರಳತೆಯ ಕರೆಗೆ ನಾನು ಸುತ್ತೋಲೆಯನ್ನೇ ಕೊಡುವುದಿಲ್ಲ, ಏಕೆಂದರೆ ಓದುಗನ ಕೈಯಲ್ಲಿ ಇರುವುದು ಸಾರಾಂಶ ಮಾತ್ರ.

ಕರೆಗಳು ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಸುತ್ತೋಲೆ ಬೇಕಾಗುವ ಕರೆಗಳಲ್ಲಿ ಅದನ್ನು ಪ್ರಾಂಪ್ಟ್‌ನ ಆರಂಭದಲ್ಲೂ ಮಾನದಂಡವನ್ನು ಕೊನೆಯಲ್ಲೂ ಇಟ್ಟರೆ, ಒಮ್ಮೆ ಓದಿದ ಭಾಗವನ್ನು ಉಳಿಸಿಟ್ಟು ಮತ್ತೆ ಬಳಸುವ ಪ್ರಾಂಪ್ಟ್ ಕ್ಯಾಶಿಂಗ್ ಇರುವ ಸೇವೆಗಳಲ್ಲಿ ಸಮಾನವಾದ ಮೊದಲ ಭಾಗಕ್ಕೆ ಕಡಿಮೆ ದರ ಬೀಳುತ್ತದೆ.

ಬೇರ್ಪಡಿಸುವುದರಿಂದ ಕೆಡುವುದೂ ಉಂಟು. ಆದಾಯ ಮಿತಿಯನ್ನು ಸಾರಾಂಶ ಬಿಟ್ಟಿದ್ದರೆ ಪೂರ್ಣತೆಯ ಕರೆಯೂ ಮೂಲನಿಷ್ಠೆಯ ಕರೆಯೂ ಅದನ್ನು ದೋಷವೆಂದು ಎಣಿಸಿ, ಒಂದೇ ಲೋಪಕ್ಕೆ ಎರಡು ಬಾರಿ ದಂಡ ಬೀಳುತ್ತದೆ. ಬಿಟ್ಟುಹೋದ ವಿಷಯವನ್ನು ಇಲ್ಲಿ ಪರಿಗಣಿಸಬಾರದೆಂದು ಮೂಲನಿಷ್ಠೆಯ ಪ್ರಾಂಪ್ಟ್‌ನಲ್ಲಿ ಸ್ಪಷ್ಟವಾಗಿ ಬರೆಯಬೇಕಾಯಿತು. ಮೊತ್ತ ಮುಖ್ಯವೋ ಕಚೇರಿಯ ವಿಳಾಸ ಮುಖ್ಯವೋ ಎಂಬಂತೆ ಒಂದನ್ನು ಉಳಿಸಲು ಇನ್ನೊಂದನ್ನು ಕೈಬಿಡುವ ತೀರ್ಮಾನಕ್ಕೆ ಪೂರ್ಣತೆಯೂ ಉದ್ದದ ಮಿತಿಯೂ ಜೊತೆಯಲ್ಲೇ ಬೇಕು. ಆದ್ದರಿಂದ ಅವೆರಡನ್ನು ಒಂದೇ ಕರೆಯಲ್ಲಿ ಉಳಿಸಿಕೊಂಡು, ಪದಗಳ ಎಣಿಕೆಯನ್ನು ಮಾತ್ರ ಕೋಡ್‌ಗೆ ವಹಿಸಿದ್ದೇನೆ.