ಒಂದೇ ಬೈಕ್ ಕಳವು, ಇಬ್ಬರು ಹುಡುಗರು: ವರದಿ ಬರೆಯುವಾಗಿನ ನನ್ನ ಅನುಭವ

ನಾನು ಕಲಬುರಗಿಯಲ್ಲಿ ಬಾಲ ನ್ಯಾಯ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಬರೆದುಕೊಡುವ ಕೆಲಸ ಮಾಡುತ್ತೇನೆ. ಪೊಲೀಸರು ಹದಿನೆಂಟರೊಳಗಿನ ಹುಡುಗನನ್ನು ಹಿಡಿದರೆ ಅವನ ಮನೆ, ಶಾಲೆ, ಓಣಿ ಎಲ್ಲ ಸುತ್ತಿ ಹದಿನೈದು ದಿನದೊಳಗೆ ವರದಿ ಕೊಡಬೇಕು. ಅದರಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಒಂದೇ ಪ್ರಶ್ನೆಯ ಮೇಲೆ: ಈ ಹುಡುಗನ ಕಿತಾಪತಿ ಶುರುವಾಗಿದ್ದು ಯಾವ ವಯಸ್ಸಿನಲ್ಲಿ? ಪೊಲೀಸರು ಮೊದಲ ಸಲ ಹಿಡಿದಿದ್ದು ಯಾವಾಗ ಅಂತಲ್ಲ. ಅದು ಬೇರೆ, ಇದು ಬೇರೆ.

ಒಂದು ಕೇಸ್ ಹೇಳ್ತೀನಿ. ಗುರುತು ಸಿಗಬಾರದು ಅಂತ ವಿವರಗಳನ್ನು ಬದಲಿಸಿದ್ದೇನೆ. ಬೈಕ್ ಕದ್ದು, ಪೆಟ್ರೋಲ್ ಮುಗಿಯುವ ತನಕ ಓಡಿಸಿ, ರಿಂಗ್ ರೋಡಿನಲ್ಲಿ ಬಿಟ್ಟುಹೋದ ಇಬ್ಬರು. ದೊಡ್ಡವನಿಗೆ 17, ಅವನ ಮೇಲೆ ಮೊದಲೇ ಎರಡು ಕೇಸ್. ಚಿಕ್ಕವನಿಗೆ 16, ಇದೇ ಮೊದಲ ಕೇಸ್. ಕಾಗದ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ದೊಡ್ಡವನು ಪಳಗಿದ ಕಳ್ಳ, ಚಿಕ್ಕವನನ್ನು ಅವನೇ ಕೆಡಿಸಿದ್ದಾನೆ.

ಮನೋವಿಜ್ಞಾನಿ ಟೆರ್ರಿ ಮೊಫಿಟ್ 1993ರಲ್ಲಿ ಒಂದು ಮಾತು ಹೇಳಿದರು. ಹದಿಹರೆಯದಲ್ಲಿ ತಪ್ಪು ಮಾಡುವ ಹುಡುಗರಲ್ಲಿ ಎರಡು ಬಗೆ ಇದ್ದಾರೆ. ಒಂದು ಬಗೆಯವರಿಗೆ ಅದು ಮೂರ್ನಾಲ್ಕು ವರ್ಷದವರಿದ್ದಾಗಲೇ ಶುರುವಾಗಿ ಬೇರೆ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಇನ್ನೊಂದು ಬಗೆಯವರು ಹನ್ನೆರಡು ಹದಿಮೂರರ ತನಕ ಸರಿಯಾಗಿದ್ದು, ಆಮೇಲೆ ಶುರು ಮಾಡಿ, ದೊಡ್ಡವರಾಗುತ್ತಾ ಬಿಡುತ್ತಾರೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಚಿಕ್ಕಂದಿನಿಂದ ಹಿಂಬಾಲಿಸಿದ ಅಧ್ಯಯನ ಇದಕ್ಕೆ ಆಧಾರ. ಅಲ್ಲಿನ ಗಂಡುಮಕ್ಕಳಲ್ಲಿ ಮೊದಲ ಬಗೆಯವರು ನೂರಕ್ಕೆ ಸುಮಾರು 10, ಎರಡನೇ ಬಗೆಯವರು ಸುಮಾರು 26. ತೊಂದರೆ ಏನಂದ್ರೆ, ಹದಿನಾರು ಹದಿನೇಳರಲ್ಲಿ ಎರಡೂ ಬಗೆಯವರು ಮಾಡುವ ಕೆಲಸ ಒಂದೇ ಥರ ಕಾಣುತ್ತದೆ. ಬೈಕ್ ಕಳವನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದು ಯಾವ ದಾರಿಯಿಂದ ಬಂತು ಅಂತ ಗೊತ್ತಾಗಲ್ಲ. ಹಿಂದಕ್ಕೆ ಹೋಗಿ ಬಾಲ್ಯವನ್ನೇ ಕೆದಕಬೇಕು.

ಕೆದಕುವುದಕ್ಕೂ ಒಂದು ಕ್ರಮ ಇದೆ. "ಇವನು ಯಾವಾಗಿಂದ ಹೀಗೆ?" ಅಂತ ನಾನು ಕೇಳುವುದೇ ಇಲ್ಲ. ಪೊಲೀಸರು ಮನೆಗೆ ಬಂದು ಹೋದ ಮೇಲೆ ಎಲ್ಲರ ನೆನಪೂ ಬದಲಾಗಿರುತ್ತದೆ. ತಾಯಿ "ನನ್ನ ಮಗ ಬಂಗಾರದಂಥವ" ಅಂತಾಳೆ, ಪಕ್ಕದ ಮನೆಯವರು "ಹುಟ್ಟಿದಾಗಿಂದ್ಲೂ ಹಿಂಗೇ" ಅಂತಾರೆ. ಅದಕ್ಕೆ ಒಂದು ಹಾಳೆಯಲ್ಲಿ ಹುಟ್ಟಿದ ವರ್ಷದಿಂದ ಇವತ್ತಿನ ತನಕ ಗೆರೆ ಎಳೆದು, ಮೊದಲು ಮನೆಯವರು ಮರೆಯದ ಸಂಗತಿಗಳನ್ನು ಕೂರಿಸುತ್ತೇನೆ: ತಂಗಿ ಹುಟ್ಟಿದ್ದು, ಅಜ್ಜ ತೀರಿಕೊಂಡಿದ್ದು, ತೊಗರಿ ಪೂರ್ತಿ ಒಣಗಿದ ವರ್ಷ. ಆಮೇಲೆ ಆ ಹೊತ್ತಿಗೆ ಹುಡುಗ ಎಲ್ಲಿದ್ದ, ಯಾರ ಹತ್ತಿರ ಮಲಗುತ್ತಿದ್ದ, ಯಾರನ್ನಾದರೂ ಹೊಡೆದಿದ್ದನಾ ಅಂತ ಕೇಳ್ತೀನಿ. ಅದನ್ನೇ ಇನ್ನಿಬ್ಬರ ಹತ್ತಿರ, ಬೇರೆ ಬೇರೆಯಾಗಿ. ಇದರಲ್ಲಿ ನಾನು ಹೆಚ್ಚು ನಂಬುವುದು ಅಂಗನವಾಡಿ ಕಾರ್ಯಕರ್ತೆಯನ್ನು. ಆಕೆ ಹುಡುಗನನ್ನು ನೋಡಿದ್ದು ಅವನಿಗೆ ಕಳ್ಳ ಅನ್ನೋ ಹೆಸರು ಬರುವ ಎಷ್ಟೋ ವರ್ಷ ಮೊದಲು.

ದೊಡ್ಡವನ ಶಾಲೆಯ ಹಾಜರಿ ವಹಿಯಲ್ಲಿ ಎರಡನೇ, ಮೂರನೇ ತರಗತಿಯಲ್ಲಿ ತಿಂಗಳುಗಟ್ಟಲೆ ಗೈರು. ಸುಮ್ನೆ ವಹಿ ನೋಡಿ ಬರೆದಿದ್ದರೆ "ಏಳನೇ ವಯಸ್ಸಿನಿಂದಲೇ ಶಾಲೆ ತಪ್ಪಿಸುವ ಚಟ" ಅಂತಾಗುತ್ತಿತ್ತು. ಗೆರೆಯ ಮೇಲೆ ಕೂರಿಸಿದಾಗ ಗೊತ್ತಾಯಿತು, ಆ ಎರಡೂ ವರ್ಷ ಮನೆಯವರೆಲ್ಲ ಪುಣೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದರು. ನಮ್ಮ ಕಡೆ ಇದು ಎಷ್ಟು ಮನೆಗಳ ಕಥೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ವಾಪಸ್ ಬಂದ ಮೇಲೆ ಹುಡುಗ ಏಳನೇ ತರಗತಿ ತನಕ ಸರಿಯಾಗಿ ಹೋಗಿದ್ದಾನೆ, ಹೊಡೆದಾಟದ ದೂರು ಒಂದೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಅಲ್ಲಿಂದ ಗ್ಯಾರೇಜ್ ಮುಂದೆ ಕೂರುವ ದೊಡ್ಡ ಹುಡುಗರ ಸಹವಾಸ. ಮೂರು ಕೇಸೂ ಆ ಗುಂಪಿನ ಜೊತೆಗೇ ಆಗಿದ್ದು, ಒಬ್ಬನೇ ಇದ್ದಾಗ ಒಂದೂ ಇಲ್ಲ.

ಮೊಫಿಟ್ ಹೇಳುವ ಎರಡನೇ ದಾರಿ ಇದೇ. ಮೈ ಗಂಡಸಿನದು, ಆದರೆ ಕೈಯಲ್ಲಿ ದುಡ್ಡಿಲ್ಲ, ಕೆಲಸ ಇಲ್ಲ, ಮನೆಯಲ್ಲಿ ಮಾತಿಗೆ ಬೆಲೆ ಇಲ್ಲ. ಬೈಕ್ ಇದ್ದವನು ದೊಡ್ಡವನಾಗಿ ಕಾಣುತ್ತಾನೆ, ಅವನನ್ನು ನೋಡಿ ಇವನೂ ಕಲಿಯುತ್ತಾನೆ.

ಚಿಕ್ಕವನ ಮನೆಗೆ ಹೋದರೆ ಬೇರೆಯೇ ಚಿತ್ರ. ಅವನನ್ನು ಸಾಕಿದ ಅಜ್ಜಿ ಹೇಳಿದಳು: "ಮಾತು ಭಾಳ ತಡಾ ಬಂದ್ವು ಸರ. ಜ್ವರ ಬಂದ್ರ ಫಿಟ್ಸ್ ಬರ್ತಿದ್ವು. ಕೈಗೆ ಸಿಕ್ಕದ್ದು ಒಗೀತಿದ್ದ." ಅಂಗನವಾಡಿಯಲ್ಲಿ ಬೇರೆ ಮಕ್ಕಳನ್ನು ಕಚ್ಚುತ್ತಿದ್ದ ಅಂತ ಅವನನ್ನು ಬೇರೆ ಕೂರಿಸುತ್ತಿದ್ದರಂತೆ. ಅಪ್ಪ ಕುಡಿದು ಬಂದು ಬೆಲ್ಟ್‌ನಿಂದ ಹೊಡೆಯುತ್ತಿದ್ದ. ಮೂರನೇ ತರಗತಿಗೆ ಶಾಲೆ ನಿಂತಿತು, ಅಕ್ಷರ ಕೂಡಿಸಿ ಓದಲು ಈಗಲೂ ಬರಲ್ಲ. ಒಂಬತ್ತಕ್ಕೇ ಅಂಗಡಿ ಗಲ್ಲಾದಲ್ಲಿ ಕೈ ಹಾಕಿದ್ದ, ಒಬ್ಬನೇ. ಅಂಗಡಿಯವನು ನಾಲ್ಕು ಬಾರಿಸಿ ಬಿಟ್ಟ, ಠಾಣೆಗೆ ಹೋಗಲಿಲ್ಲ. ಅದಕ್ಕೇ ಕಾಗದದ ಮೇಲೆ ಇವನದು "ಮೊದಲ ಕೇಸ್".

ಇಲ್ಲಿ ನಾನು ನೋಡುವುದು ಎರಡು. ಹತ್ತು ವರ್ಷಕ್ಕಿಂತ ಮೊದಲೇ ಇತ್ತಾ, ಮತ್ತೆ ಮನೆ, ಶಾಲೆ, ಓಣಿ ಮೂರೂ ಕಡೆ ಇತ್ತಾ. ಮನೆಯಲ್ಲಿ ಮಾತ್ರ ಇದ್ದರೆ ಅದು ಮನೆಯ ಜಗಳ ಇರಬಹುದು. ಮೂರೂ ಕಡೆ ಇದ್ದರೆ ಮೊದಲ ದಾರಿಯ ಅನುಮಾನ ಬಲವಾಗುತ್ತದೆ. ಮಾತು, ಗಮನ, ಸಿಟ್ಟು ತಡೆಯುವ ಶಕ್ತಿ, ಇವುಗಳಲ್ಲಿ ಮೊದಲೇ ಕೊರತೆ ಇರುವ ಮಗು ಸುಲಭವಾಗಿ ಹೊಡೆತ ತಿನ್ನುತ್ತದೆ. ಹೊಡೆತ ತಿಂದ ಮಗು ಇನ್ನೂ ಹಠ ಹಿಡಿಯುತ್ತದೆ, ಶಾಲೆ ಕೈಬಿಡುತ್ತದೆ, ದಾರಿ ಕಿರಿದಾಗುತ್ತಾ ಹೋಗುತ್ತದೆ. ಮಿದುಳೊಂದೇ ಅಲ್ಲ, ಮನೆಯೊಂದೇ ಅಲ್ಲ, ಎರಡೂ ಸೇರಿ.

ಹಾಗಂತ ವರದಿಯಲ್ಲಿ "ಇವನು ಜೀವನಪೂರ್ತಿ ಅಪರಾಧಿ ಆಗುತ್ತಾನೆ" ಅಂತ ಬರೆಯಬಹುದಾ? ಖಂಡಿತ ಇಲ್ಲ. ಅಮೆರಿಕದ ಸಂಶೋಧಕಿ ಲೀ ರಾಬಿನ್ಸ್ 1966ರಲ್ಲೇ ತೋರಿಸಿದ್ದರು: ಸಮಾಜಕ್ಕೆ ತೊಂದರೆ ಕೊಡುವ ದೊಡ್ಡವರ ಬಾಲ್ಯ ಕೆದಕಿದರೆ ಅಂಥದೇ ಕಿತಾಪತಿ ಸಿಗುತ್ತದೆ, ಆದರೆ ಅಂಥ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಹಾಗಾಗುವುದಿಲ್ಲ. ಲಾಬ್ ಮತ್ತು ಸ್ಯಾಂಪ್ಸನ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಬಾಸ್ಟನ್ನಿನ ಅಪರಾಧಿ ಹುಡುಗರನ್ನು 70 ವರ್ಷದ ತನಕ ಹಿಂಬಾಲಿಸಿದಾಗ, ಬಾಲ್ಯ ಹೇಗೇ ಇರಲಿ, ಒಂದಲ್ಲ ಒಂದು ದಿನ ಬಹುತೇಕ ಎಲ್ಲರೂ ಬಿಟ್ಟಿದ್ದರು. ಯಾರು ಯಾವಾಗ ಬಿಡುತ್ತಾರೆ ಅಂತ ಬಾಲ್ಯ ನೋಡಿ ಹೇಳಲು ಆಗಲಿಲ್ಲ. ಮದುವೆ, ಕಾಯಂ ಕೆಲಸ, ಸೈನ್ಯ, ಇಂಥವು ತಿರುವು ಕೊಟ್ಟಿದ್ದವು. ಹಾಗಾಗಿ ಈ ಎರಡು ಬಗೆಯನ್ನು ನಾನು ಭವಿಷ್ಯ ಹೇಳಲು ಬಳಸಲ್ಲ, ಈಗ ಯಾರಿಗೆ ಏನು ಬೇಕು ಅಂತ ಗೊತ್ತುಮಾಡಿಕೊಳ್ಳಲು ಬಳಸುತ್ತೇನೆ.

ದೊಡ್ಡವನಿಗೆ ನಾನು ಕೇಳಿದ್ದು ಕಡಿಮೆ. ಮನೆಯಲ್ಲೇ ಇರಲಿ, ನಿಗಾ ಇಡೋಣ, ಗಣಿತದ ಪೂರಕ ಪರೀಕ್ಷೆ ಕಟ್ಟಲಿ, ಆಮೇಲೆ ಐಟಿಐ. ಇಂಥವನನ್ನು ಇನ್ನಷ್ಟು ಅಂಥ ಹುಡುಗರ ಜೊತೆ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಕಲಿಯುವುದು ಜಾಸ್ತಿ, ಬಿಡುವುದು ಕಡಿಮೆ. "ತಾನಾಗೇ ಬಿಡ್ತಾನೆ ಬಿಡ್ರಿ" ಅಂತ ಕೈಬಿಡುವುದೂ ಸರಿಯಲ್ಲ. ಡ್ಯುನೆಡಿನ್ನಿನ ಎರಡನೇ ಬಗೆಯವರು 26ನೇ ವಯಸ್ಸಿನಲ್ಲೂ ಕಳವು, ನಶೆಯಿಂದ ಪೂರ್ತಿ ಹೊರಬಂದಿರಲಿಲ್ಲ. ನಡುವೆ ಗಾಂಜಾ ಹಿಡಿದರೆ, ಓದು ನಿಂತರೆ ಸಿಕ್ಕಿಹಾಕಿಕೊಳ್ಳುತ್ತಾರೆ. "ಕೇಸ್ ಇದ್ದರೆ ನೌಕರಿ ಸಿಗಲ್ಲ" ಅಂತ ಅವನು ಕುಗ್ಗಿದ್ದ. ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಆ ಅನರ್ಹತೆ ಅವನಿಗೆ ತಗಲುವುದಿಲ್ಲ ಅಂತ ಕಾಯ್ದೆ ತೆರೆದು ತೋರಿಸಿದೆ.

ಚಿಕ್ಕವನಿಗೆ ಕೇಳಿದ್ದು ಜಾಸ್ತಿ: ಕಿವಿ ಪರೀಕ್ಷೆ, ಫಿಟ್ಸ್‌ಗೆ ವೈದ್ಯರು, ಮನೋವೈದ್ಯರ ಭೇಟಿ, ಒಬ್ಬನಿಗೇ ಓದು ಕಲಿಸುವ ವ್ಯವಸ್ಥೆ, ಅಪ್ಪನ ಹತ್ತಿರ ಇಡದೆ ಅಜ್ಜಿಯ ಜೊತೆ ಇಡುವುದು. ಮೊದಲ ಕೇಸಿನವನಿಗೆ ಇಷ್ಟು ಯಾಕೆ ಅಂತ ಮಂಡಳಿಯಲ್ಲಿ ಕೇಳಿದರು. ನಾನು ಗೆರೆ ಎಳೆದ ಆ ಹಾಳೆಯನ್ನೇ ಮುಂದಿಟ್ಟೆ. ಬಹುಪಾಲು ಒಪ್ಪಿದರು.

ದೊಡ್ಡವನು ಗಣಿತ ಪಾಸಾಗಿ ಫಿಟ್ಟರ್ ಟ್ರೇಡಿಗೆ ಸೇರಿದ, ಆ ಗುಂಪಿನವರು ಕರೆದರೆ ಫೋನ್ ಎತ್ತಲ್ಲ ಅಂತಾನೆ. ಚಿಕ್ಕವನದು ಏರಿಳಿತ. ಮಾತ್ರೆ ನುಂಗಿದ ತಿಂಗಳು ತಣ್ಣಗಿರುತ್ತಾನೆ, ಬಿಟ್ಟ ತಿಂಗಳು ಜಗಳದ ಸುದ್ದಿ ಬರುತ್ತದೆ. ಅದಕ್ಕೆ ಅವನ ಮನೆಗೆ ಹೋದಾಗೆಲ್ಲ ಮೊದಲು ಅಜ್ಜಿಯ ಹತ್ತಿರ ಮಾತ್ರೆಯ ಚೀಟಿ ಕೇಳ್ತೀನಿ, ಆಮೇಲೆ ಉಳಿದ ಮಾತು.