ಲೈಟೆಲ್ಲಾ ಹಸಿರು, ನೆಟ್ ಮಾತ್ರ ಇಲ್ಲ: ಬೆಳಗಾವಿಗೆ ಹೊಸದಾಗಿ ಬಂದವರಿಗೆ

ಬೆಳಗಾವಿಗೆ ಬಂದು ಮನೆ ಹಿಡಿದವರು ಮಳೆಗಾಲದಲ್ಲಿ ನಮ್ಮ ಸಂಘಕ್ಕೆ ಫೋನ್ ಮಾಡಿ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಲೈಟೆಲ್ಲಾ ಹಸಿರ ಅದಾವ್ರಿ, ಆದ್ರ ನೆಟ್ ಹೋಗಿ ಹೋಗಿ ಬರ್ತದ." ಹೋದ ವರ್ಷ ಬಾಗಲಕೋಟೆಯಿಂದ ಟಿಳಕವಾಡಿಗೆ ಬಂದ ಒಂದು ಕುಟುಂಬಕ್ಕೂ ಹೀಗೇ ಆಯಿತು. ಕಂಪನಿಯವರು ಬಂದು ಲೈಟ್ ನೋಡಿದರು, ಸರಿ ಇದೆ ಅಂದರು, ಹೋದರು. ಎರಡನೇ ಸಲ ರೌಟರನ್ನೇ ಬದಲಿಸಿದರು. ಮರುದಿನ ಸಂಜೆ ಮತ್ತೆ ಅದೇ ಕಥೆ. ಆ ಮನೆಯಲ್ಲಿ ನಾವು ಏನೇನು ಮಾಡಿದೆವು ಅನ್ನುವುದನ್ನೇ ಇಲ್ಲಿ ಬರೆದಿದ್ದೇವೆ. ಇದು ಫೈಬರ್ ಕನೆಕ್ಷನ್ ಇರುವವರಿಗೆ.

ಮೊದಲು ಲೈಟ್ ವಿಷಯ. ರೌಟರಿನ ಮೇಲೆ `PON` ಎಂದು ಬರೆದಿರುವ ಪಾನ್ ಲೈಟ್ ಹಸಿರಾಗಿ ನಿಂತಿದೆ ಅಂದರೆ ನಿಮ್ಮ ರೌಟರ್ ಪೆಟ್ಟಿಗೆಗೂ ಕಂಪನಿಯ ಕಡೆಯ ಯಂತ್ರಕ್ಕೂ ಫೈಬರಿನಲ್ಲಿ ಸಂಪರ್ಕ ಇದೆ ಅಂತ ಮಾತ್ರ. ಅದರ ಮುಂದೆ ಇಂಟರ್ನೆಟ್ ಸಿಗುತ್ತಿದೆಯೋ ಇಲ್ಲವೋ, ಆ ಲೈಟಿಗೆ ಗೊತ್ತಿಲ್ಲ. ಇನ್ನೊಂದು ಮಾತು: ನೆಟ್ ಹೋಗಿ ಮಕ್ಕಳು ಕೂಗಿ ನೀವು ಎದ್ದು ಬಂದು ನೋಡುವಷ್ಟರಲ್ಲಿ ಲೈಟ್ ಆರಿ ಮತ್ತೆ ಹತ್ತಿರಬಹುದು. ಹಾಗಾಗಿ ಸಂಜೆ ಒಂದು ಹಳೆ ಫೋನನ್ನು ರೌಟರ್ ಮುಂದೆ ನಿಲ್ಲಿಸಿ ಅರ್ಧ ಗಂಟೆ ವಿಡಿಯೋ ಹಿಡಿಯಿರಿ. ಟಿಳಕವಾಡಿಯ ಮನೆಯಲ್ಲಿ ಆ ವಿಡಿಯೋದಲ್ಲಿ ಪಾನ್ ಲೈಟ್ ಎರಡು ಸಲ ಮಿಣುಕಿತ್ತು. ಅಲ್ಲಿಯವರೆಗೆ ಅದನ್ನು ಯಾರೂ ನೋಡಿರಲಿಲ್ಲ.

ತಪ್ಪು ಮನೆಯೊಳಗಿದೆಯೋ ಹೊರಗಿದೆಯೋ ತಿಳಿಯಲು ಫೋನೊಂದಿದ್ದರೆ ಸಾಕು. ನೆಟ್ ಹೋದ ಕೂಡಲೇ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ವೈಫೈಗೆ ಸೇರಿಕೊಂಡೇ ಇದ್ದು, ಬ್ರೌಸರಿನಲ್ಲಿ `192.168.1.1` ಎಂದು ಟೈಪ್ ಮಾಡಿ. ಕೆಲವು ರೌಟರುಗಳಿಗೆ ಬೇರೆ ನಂಬರ್ ಇರುತ್ತದೆ, ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದಿರುತ್ತಾರೆ. ಲಾಗಿನ್ ಪುಟ ಥಟ್ಟನೆ ತೆರೆದರೆ ವೈಫೈ ಚೆನ್ನಾಗಿದೆ, ರೌಟರ್ ಎಚ್ಚರವಾಗಿದೆ, ತೊಂದರೆ ಅದರಾಚೆ. ಪುಟವೇ ತೆರೆಯದಿದ್ದರೆ ತೊಂದರೆ ಈಚೆ, ಮನೆಯೊಳಗೆ.

ಲ್ಯಾಪ್‌ಟಾಪ್ ಇದ್ದರೆ ಇನ್ನೂ ಸ್ಪಷ್ಟವಾಗುತ್ತದೆ. ಅದನ್ನು ರೌಟರಿಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿ, ವೈಫೈ ಆಫ್ ಮಾಡಿ. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆದು ಒಂದೊಂದರಲ್ಲಿ ಒಂದೊಂದು ಓಡಿಸಿ, ನಿಮ್ಮ ರೌಟರಿನ ನಂಬರ್ ಬೇರೆ ಇದ್ದರೆ ಮೊದಲನೆಯದರಲ್ಲಿ ಅದನ್ನೇ ಹಾಕಿ:

```
ping -t 192.168.1.1
ping -t 8.8.8.8
```

ಮೊದಲನೆಯದು ರೌಟರನ್ನು ಕೇಳುತ್ತದೆ, ಎರಡನೆಯದು ಹೊರಗಿನ ಇಂಟರ್ನೆಟ್ಟನ್ನು. ಸುಮ್ನೆ ಒಂದು ಗಂಟೆ ಬಿಡಿ. ಎಲ್ಲೋ ಒಂದು ಸಲ `Request timed out.` ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಕಿಟಕಿಯಲ್ಲಿ ಮಾತ್ರ ಅದು ಸಾಲು ಸಾಲಾಗಿ ಬಂದರೆ ಲೈನಿನ ಕಡೆ ನೋಡಬೇಕು. ಎರಡರಲ್ಲೂ ಒಟ್ಟಿಗೆ ಬಂದರೆ ಬೇರೆ ಲ್ಯಾನ್ ಕೇಬಲ್ ಹಾಕಿ, ರೌಟರಿನ ಬೇರೆ ತೂತಿಗೆ ಚುಚ್ಚಿ ಮತ್ತೆ ನೋಡಿ. ಆಗಲೂ ಹಾಗೇ ಆದರೆ ಅನುಮಾನ ರೌಟರಿನ ಮೇಲೆ. ಕೇಬಲ್‌ನಲ್ಲಿ ಎರಡೂ ಸರಾಗವಾಗಿ ಓಡಿ ಫೋನುಗಳಿಗೆ ಮಾತ್ರ ನೆಟ್ ಹೋಗುತ್ತಿದ್ದರೆ ಅದು ವೈಫೈ ತೊಂದರೆ. ಅದಕ್ಕೆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ, ರೌಟರನ್ನು ಮೂಲೆಯಿಂದ ತೆಗೆದು ಮನೆಯ ನಡುವೆ ಎತ್ತರದಲ್ಲಿ ಇಡಿ.

ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ರೌಟರಿನ ಪುಟದೊಳಗಿರುವ ಎರಡು ಗಡಿಯಾರ. ಲಾಗಿನ್ ಆಗಿ ಒಳಗೆ ಹೋದರೆ ಪೆಟ್ಟಿಗೆ ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನುವ `Uptime` ಒಂದು ಕಡೆ ಇರುತ್ತದೆ. ಇಂಟರ್ನೆಟ್ ಎಷ್ಟು ಹೊತ್ತಿನಿಂದ ಸೇರಿಕೊಂಡಿದೆ ಅನ್ನುವುದು `WAN` ಪುಟದಲ್ಲಿರುತ್ತದೆ. ಎಲ್ಲ ರೌಟರಿನಲ್ಲೂ ಎರಡೂ ತೋರಿಸುವುದಿಲ್ಲ, ಆದರೆ ಬಹಳಷ್ಟರಲ್ಲಿ ಸಿಗುತ್ತದೆ. ಪೆಟ್ಟಿಗೆಯ ಗಡಿಯಾರವೇ ಹತ್ತು ನಿಮಿಷ ಅಂದರೆ ರೌಟರ್ ತಾನೇ ಆರಿ ಹತ್ತಿದೆ ಎಂದರ್ಥ. ಅಡಾಪ್ಟರ್ ಸೋತಿರಬಹುದು, ಪ್ಲಗ್ ಸಡಿಲ ಇರಬಹುದು, ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲೂ ಹೀಗಾಗುತ್ತದೆ. ಅಡಾಪ್ಟರ್ ಬದಲಿಸುವುದಾದರೆ ಹಳೆಯದರ ಮೇಲೆ ಬರೆದ ವೋಲ್ಟೇಜೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಟಿಳಕವಾಡಿಯಲ್ಲಿ ಪೆಟ್ಟಿಗೆಯ ಗಡಿಯಾರ 9 ದಿನ ತೋರಿಸುತ್ತಿತ್ತು, ಇಂಟರ್ನೆಟ್ಟಿನದು 14 ನಿಮಿಷ. ರೌಟರ್ ಒಮ್ಮೆಯೂ ಆರಿಲ್ಲ, ಲೈನ್ ಕಡಿದು ಕಡಿದು ಬರುತ್ತಿದೆ. ಆಗ ಮೂರನೆಯ ಅಂಕಿ ನೋಡಿದೆವು: `Rx Power`. ಫೈಬರಿನಿಂದ ಪೆಟ್ಟಿಗೆಗೆ ಎಷ್ಟು ಬೆಳಕು ಬಂದು ಮುಟ್ಟುತ್ತಿದೆ ಅನ್ನುವ ಲೆಕ್ಕ ಅದು. ಮೈನಸ್‌ನಲ್ಲಿರುತ್ತದೆ. ಸಾಮಾನ್ಯ ಮನೆ ಫೈಬರಿನಲ್ಲಿ −27 ಡಿಬಿಎಂ ಸುಮಾರಿಗೆ ಅಂಚು, ಅದಕ್ಕಿಂತ ಕೆಳಗಿಳಿದರೆ ಸಂಪರ್ಕ ತಡವರಿಸುತ್ತದೆ. 3 ಅಂಕಿ ಕೆಳಗಿಳಿಯಿತು ಅಂದರೆ ಬೆಳಕು ಅರ್ಧಕ್ಕೆ ಇಳಿಯಿತು ಎಂದು ಲೆಕ್ಕ. ಅವರ ಮನೆಯಲ್ಲಿ −28.1 ಇತ್ತು.

ಕೇಬಲ್ ಹಿಡಿದು ಹಿಂದಕ್ಕೆ ಹೋದೆವು. ಸಾಮಾನು ಹೊಂದಿಸುವಾಗ ಕಪಾಟನ್ನು ಗೋಡೆಗೆ ಒತ್ತಿದ್ದರು, ಫೈಬರ್ ಅದರ ಹಿಂದೆ ಕಾಗದ ಮಡಚಿದ ಹಾಗೆ ಮಡಚಿತ್ತು. ಒಳಗಿರುವುದು ಗಾಜಿನ ಎಳೆ. ಚೂಪಾಗಿ ಬಗ್ಗಿದರೆ ಮುರಿಯದಿದ್ದರೂ ಬೆಳಕು ಅಲ್ಲೇ ಸೋರಿ ಹೋಗುತ್ತದೆ. ಟೀ ಕುಡಿಯುವ ಬಟ್ಟಲಿಗಿಂತ ಚಿಕ್ಕದಾಗಿ ಸುತ್ತಬಾರದು ಅಂತ ನೆನಪಿಡಿ. ಬಿಡಿಸಿದೆವು. −26.6ಕ್ಕೆ ಏರಿತು. ನೆಟ್ ಹೋಗುವುದು ಕಡಿಮೆಯಾಯಿತು, ಆದರೆ ಜೋರು ಮಳೆ ಬಂದ ದಿನ ಮತ್ತೆ ಶುರು. ಮಳೆಯ ಹೊತ್ತಿಗೆ −28, ಬಿಸಿಲಿಗೆ −26. ಹೀಗೆ ಅಂಕಿ ಹವಾಮಾನದ ಜೊತೆ ಕುಣಿದರೆ ತಪ್ಪು ಮನೆಯೊಳಗಿಲ್ಲ ಅಲ್ವಾ? ಇಲ್ಲಿ ಕಂಬದಿಂದ ಕಂಬಕ್ಕೆ, ಮರಗಳ ನಡುವೆ ಕೇಬಲ್ ಎಳೆದಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವೂ ಅವುಗಳ ಜಾಯಿಂಟುಗಳೂ ನೆನೆಯುತ್ತಲೇ ಇರುತ್ತವೆ.

ಇಷ್ಟಾದ ಮೇಲೆ ದೂರು ಕೊಟ್ಟೆವು. "ನೆಟ್ ಸ್ಲೋ" ಅಂತ ಹೇಳಬೇಡಿ. ಹಾಗಂದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮನೆಯ ಅಕ್ಕ ಹೇಳಿದ್ದು ಹೀಗೆ: "9 ದಿನಕ್ಕಿಂತ ಹೆಚ್ಚಾತು, ರೌಟರ್ ಆಫ್ ಆಗಿಲ್ರಿ. ಲೈನ್ ಇವತ್ತ ಐದ ಸಲ ಕಟ್ ಆಗೇದ, ಟೈಮ್ ಬರ್ದಿಟ್ಟೀನಿ. ಮಳಿ ಬಂದಾಗ ಪವರ್ ಮೈನಸ್ ಇಪ್ಪತ್ತೆಂಟ ಬರ್ತದ. ಜಾಯಿಂಟ್ ನೋಡವ್ರನ್ನ ಕಳಸ್ರಿ." ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಂಡರು. ಊರಿಗೆ ಹೊಸಬರು ಅಂತ ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡಬೇಕು ಅಂದುಕೊಳ್ಳಬೇಡಿ, ಕನ್ನಡದಲ್ಲೇ ಹೇಳಿ. ಲೈನ್‌ಮನ್ ಬಂದು ಓಣಿಯ ತಿರುವಿನ ಕಂಬದ ಮೇಲಿನ ಜಾಯಿಂಟ್ ಬಾಕ್ಸ್ ತೆರೆದರು. ಒಳಗೆ ನೀರು ನಿಂತಿತ್ತು. ಎಳೆಯನ್ನು ಹೊಸದಾಗಿ ಬೆಸೆದು, ಬಾಕ್ಸ್ ಬದಲಿಸಿದರು. ಅವರು ಇಳಿಯುವ ಮೊದಲೇ ನಾವು ಅಂಕಿ ನೋಡಿದೆವು: −21.4.

ನೀವೇ ನೋಡುವಾಗ ಎರಡು ಕೆಲಸ ಮಾತ್ರ ಮಾಡಬೇಡಿ. ರೌಟರಿನ ಹಿಂದೆ ಸೂಜಿಮೊನೆಯ ತೂತಿನಲ್ಲಿರುವ ರೀಸೆಟ್ ಒತ್ತಬೇಡಿ, ಕಂಪನಿ ಹಾಕಿದ ಸೆಟ್ಟಿಂಗ್ ಅಳಿಸಿಹೋಗಿ ಅವರು ಬರುವವರೆಗೆ ನೆಟ್ಟೇ ಇಲ್ಲದೆ ಹೋಗಬಹುದು. ಫೈಬರಿನ ಹಸಿರು ಕನೆಕ್ಟರ್ ಕಿತ್ತು ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರೊಳಗಿನ ಲೇಸರ್ ಕಣ್ಣಿಗೆ ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಹುದು, ಮಕ್ಕಳಿಗೂ ಇದನ್ನು ಹೇಳಿ.

ಹೊಸ ಕನೆಕ್ಷನ್ ಹಾಕಿಸಿದ ದಿನ, ಹಾಕುವವರು ಇನ್ನೂ ಮನೆಯಲ್ಲಿರುವಾಗಲೇ ರೌಟರ್ ಪುಟದ ಲಾಗಿನ್ ಪಾಸ್‌ವರ್ಡ್ ಕೇಳಿ ಇಟ್ಟುಕೊಳ್ಳಿ. `Rx Power` ಎಷ್ಟಿದೆ ನೋಡಿ, ತಾರೀಖಿನ ಜೊತೆ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ಮಳೆಗಾಲದಲ್ಲಿ ನೆಟ್ ಹೋದಾಗ ಮೊದಲು ಆ ಚೀಟಿಯ ಜೊತೆ ಹೋಲಿಸಿ ನೋಡಿ.