ಎರಡು ಸಲ ಕಟ್ಟಾದ ದುಡ್ಡು, ಮತ್ತು ನಾನು ಬರೆದ ಮೇಲ್

ನಾವು ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. 2025ರ ಜುಲೈ 5, ಶನಿವಾರ ಸಂಜೆ ಪೇಮೆಂಟ್ ಗೇಟ್‌ವೇ ಕೈಕೊಟ್ಟಿತು. ದುಡ್ಡು ಹೋಗಿದೆ, ಆದರೆ ಪೇಜ್ ಮಾತ್ರ ಸುಮ್ನೆ ಸುತ್ತುತ್ತಲೇ ಇದೆ. ಆಗ ಯಾರಾದರೂ ಏನು ಮಾಡ್ತಾರೆ? ಹಿಂದೆ ಹೋಗಿ ಮತ್ತೆ ಪೇ ಒತ್ತುತ್ತಾರೆ, ಅಲ್ವಾ? ರಾತ್ರಿ ಹತ್ತರ ಹೊತ್ತಿಗೆ ಫೋನ್ ಮೇಲೆ ಫೋನ್.

ಆಗಲೇ ಎಲ್ಲರಿಗೂ ಮೇಲ್ ಹಾಕಿಬಿಡೋಣ ಅನ್ನಿಸಿತ್ತು. ಹಾಕಲಿಲ್ಲ, ಒಳ್ಳೆಯದೇ ಆಯಿತು. ಭಾನುವಾರ ಕೂತು ಗೇಟ್‌ವೇ ಪಟ್ಟಿಯನ್ನೂ ನಮ್ಮ ಆರ್ಡರ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ: ಒಂದೇ ಆರ್ಡರ್ ನಂಬರಿಗೆ ಎರಡು ಪೇಮೆಂಟ್ ಇದ್ದರೆ ಮಾತ್ರ ಅದು ನಿಜವಾದ ಡಬಲ್. ಒಟ್ಟು 38 ಸಿಕ್ಕವು. ಒಬ್ಬರು ತಮಗೊಂದು, ತಂಗಿ ಮನೆಗೊಂದು ಅಂತ ಬೇಕಂತಲೇ ಎರಡು ಆರ್ಡರ್ ಹಾಕಿದ್ದರು, ಬರೀ ಹೆಸರು, ಮೊತ್ತ ನೋಡಿದ್ದರೆ ಅವರಿಗೂ ರೀಫಂಡ್ ಹೋಗುತ್ತಿತ್ತು.

ಸೋಮವಾರ ಮೊದಲು ರೀಫಂಡ್ ಹಾಕಿದೆ, ಆಮೇಲೆ ಮೇಲ್. ಈ ಕ್ರಮ ಮುಖ್ಯ, ಯಾಕಂದ್ರೆ ಆಗ "ಕಳಿಸುತ್ತೇವೆ" ಅನ್ನುವ ಬದಲು "ಕಳಿಸಿದ್ದೇವೆ" ಅಂತ ಬರೆಯಬಹುದು. "ತಾಂತ್ರಿಕ ದೋಷದಿಂದ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಶುರು ಮಾಡಿದ್ದನ್ನು ಅಳಿಸಿ, ಹೀಗೆ ಬರೆದೆ:

"ಶನಿವಾರ ನಿಮ್ಮ ಆರ್ಡರಿಗೆ ₹640 ಎರಡು ಸಲ ಕಟ್ಟಾಗಿದೆ. ತಪ್ಪು ನಮ್ಮ ಕಡೆಯದು, ಕ್ಷಮಿಸಿ. ಒಂದು ₹640 ಅನ್ನು ಇವತ್ತು, ಜುಲೈ 7ರಂದು ವಾಪಸ್ ಕಳಿಸಿದ್ದೇವೆ. ನೀವು ಯಾವುದರಿಂದ ಕಟ್ಟಿದ್ದಿರೋ ಅದಕ್ಕೇ ಬರುತ್ತದೆ. ಜುಲೈ 16, ಬುಧವಾರದ ಒಳಗೆ ಬರದಿದ್ದರೆ ಈ ಮೇಲ್‌ಗೇ ಉತ್ತರಿಸಿ. ನೀವು ಏನೂ ಮಾಡಬೇಕಿಲ್ಲ. ಒಟಿಪಿ, ಯುಪಿಐ ಪಿನ್ ನಾವು ಕೇಳುವುದಿಲ್ಲ, ಈ ಮೇಲ್‌ನಲ್ಲಿ ಯಾವ ಲಿಂಕೂ ಇಲ್ಲ. ನಿಮ್ಮ ಆರ್ಡರ್ ಹಾಗೇ ಇದೆ, ನಾಳೆ ಪಾರ್ಸೆಲ್ ಹೊರಡುತ್ತದೆ."

ಗೇಟ್‌ವೇಯವರು ಹೇಳಿದ್ದು "5ರಿಂದ 7 ಕೆಲಸದ ದಿನ". ಅದನ್ನು ಹಾಗೇ ಬರೆದರೆ ಓದುವವರು ಶನಿವಾರದಿಂದ ಎಣಿಸುತ್ತಾರೆ. 12ನೇ ತಾರೀಖು ಎರಡನೇ ಶನಿವಾರ, ಬ್ಯಾಂಕ್ ರಜೆ, ಮಾರನೇ ದಿನ ಭಾನುವಾರ. ಮಂಗಳವಾರದಿಂದ ಏಳು ದಿನ ಎಣಿಸಿದರೆ ಸರಿಯಾಗಿ 16 ಬರುತ್ತದೆ. ಆ ಎಣಿಕೆ ನಾನು ಮಾಡಿದರೆ 38 ಜನ ಮಾಡಬೇಕಿಲ್ಲ. ಪಿನ್, ಲಿಂಕ್ ಮಾತು ಸೇರಿಸಿದ್ದು ನನ್ನ ಹೆಂಡತಿ. "ರೀಫಂಡ್ ಅಂತ ಮೇಲ್ ಬಂದ್ರೆ ನಾನೇ ಮೋಸ ಅಂದ್ಕೋತೀನಿ" ಅಂದಳು. ಒಬ್ಬೊಬ್ಬರಿಗೂ ಅವರವರ ಆರ್ಡರ್ ನಂಬರ್, ಮೊತ್ತ ಹಾಕಿ ಬೇರೆಬೇರೆಯಾಗಿಯೇ ಕಳಿಸಿದೆ.

ಯುಪಿಐನವರಿಗೆ ಬೇಗನೇ ಬಂತು. 17ರಂದು ಒಬ್ಬರು ಮಾತ್ರ "ಅಕೌಂಟಿಗೆ ಬಂದಿಲ್ಲ ಸರ್" ಅಂತ ಬರೆದರು. ಗೇಟ್‌ವೇಯಿಂದ ಎಆರ್‌ಎನ್ ನಂಬರ್ ತೆಗೆದುಕೊಟ್ಟೆ. ಕಾರ್ಡ್ ರೀಫಂಡ್ ಎಲ್ಲಿದೆ ಅಂತ ಬ್ಯಾಂಕಿನವರು ಹುಡುಕುವುದು ಅದರಿಂದಲೇ. ಅವರು ಕಟ್ಟಿದ್ದು ಕ್ರೆಡಿಟ್ ಕಾರ್ಡಿನಿಂದ, ಹುಡುಕುತ್ತಿದ್ದದ್ದು ಉಳಿತಾಯ ಖಾತೆಯಲ್ಲಿ! ದುಡ್ಡು 11ಕ್ಕೇ ಕಾರ್ಡ್ ಬಾಕಿಯಲ್ಲಿ ಕಳೆದಿತ್ತು. ಮೇಲ್‌ನಲ್ಲಿ "ಯಾವುದರಿಂದ ಕಟ್ಟಿದ್ದಿರೋ" ಅನ್ನುವಲ್ಲಿ ಈಗ "ಕ್ರೆಡಿಟ್ ಕಾರ್ಡ್ ಆದರೆ ಸ್ಟೇಟ್‌ಮೆಂಟ್ ನೋಡಿ" ಅಂತ ಸೇರಿಸಿ ಇಟ್ಟುಕೊಂಡಿದ್ದೇನೆ.